ಕೊಟ್ಟ ರಾಜೀನಾಮೆ ಹಿಂಪಡೆಯುವ ಪತ್ರ ಹೇಗಿರಬೇಕು?

1993ರ ಜನವರಿ 4ರಂದು ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್ (ಬಿಇಎಂಎಲ್) ಸಂಸ್ಥೆಯ ಅಧಿಕಾರಿಯೊಬ್ಬರು ರಾಜೀನಾಮೆ ಕೊಟ್ಟರು. ಆಡಳಿತವರ್ಗ ಅದೇ ದಿನ ಅದನ್ನು ಅಂಗೀಕರಿಸಿತು. ಆದರೆ ನಡುವಿನ ದಿನಗಳಿಗೆ ರಜೆ ಮಂಜೂರು ಮಾಡಿ, 15ರಂದು ಕೆಲಸದ ವೇಳೆ ಮುಗಿದ ಮೇಲೆ ಬಿಡುಗಡೆ ಮಾಡುವುದಾಗಿ ತಿಳಿಸಿತು. 8ನೇ ತಾರೀಖು ಆ ಅಧಿಕಾರಿ ಮನಸ್ಸು ಬದಲಿಸಿ, ರಾಜೀನಾಮೆ ವಾಪಸ್ ಪಡೆದಿದ್ದೇನೆ ಎಂದು ಬರೆದುಕೊಟ್ಟರು. ಸಂಸ್ಥೆ ಒಪ್ಪಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 2005ರ ಅಕ್ಟೋಬರಿನಲ್ಲಿ ಬಂದ ತೀರ್ಪು ಅಧಿಕಾರಿಯ ಪರವಾಗಿತ್ತು. ಅಂಗೀಕಾರ ಆಗಿದ್ದರೂ 15ನೇ ತಾರೀಖಿನ ತನಕ ಅವರು ನೌಕರರೇ ಆಗಿದ್ದರು, ಆದ್ದರಿಂದ 8ರಂದು ಹಿಂಪಡೆಯುವ ಹಕ್ಕು ಅವರಿಗಿತ್ತು ಎಂದು ನ್ಯಾಯಾಲಯ ಹೇಳಿತು.

ನಮ್ಮ ಕಚೇರಿಗಳಲ್ಲಿ ಹತ್ತು ಜನರನ್ನು ಕೇಳಿದರೆ ಎಂಟು ಜನ ಇದಕ್ಕೆ ವಿರುದ್ಧವಾದದ್ದನ್ನೇ ಹೇಳುತ್ತಾರೆ. ‘ಅಕ್ಸೆಪ್ಟ್ ಆಗಿಹೋಯ್ತಲ್ಲ, ಇನ್ನೇನೂ ಮಾಡೋಕಾಗಲ್ಲ ಬಿಡಿ’ ಎನ್ನುತ್ತಾರೆ. ಈ ಮಾತನ್ನು ನಂಬಿ, ಕೇಳಿದ್ದರೆ ಉಳಿಯಬಹುದಾಗಿದ್ದ ಕೆಲಸವನ್ನು ಕೇಳದೆಯೇ ಕಳೆದುಕೊಂಡವರು ಬಹಳ ಮಂದಿ.

ಮುಂದಿನ ತಾರೀಖಿನಿಂದ ಜಾರಿಗೆ ಬರಬೇಕಾದ ರಾಜೀನಾಮೆಯನ್ನು ಆ ತಾರೀಖಿಗೆ ಮೊದಲು ಹಿಂಪಡೆಯಬಹುದು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1978ರಲ್ಲೇ ಸ್ಪಷ್ಟಪಡಿಸಿತ್ತು. ಆ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟವರು ಸ್ವತಃ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶ್ ಚಂದ್ರ. 1977ರ ಮೇ 7ರಂದು ಬರೆದ ಪತ್ರದಲ್ಲಿ ಆಗಸ್ಟ್ 1ರಿಂದ ಜಾರಿಗೆ ಬರುವಂತೆ ರಾಜೀನಾಮೆ ನೀಡಿದ್ದ ಅವರು ಜುಲೈ 15ರಂದು ಅದನ್ನು ಹಿಂಪಡೆದರು. ಅವರ ಹುದ್ದೆ ಉಳಿಯಿತು. ಕೇಂದ್ರ ಸರ್ಕಾರಿ ನೌಕರರಿಗಂತೂ 1988ರ ಫೆಬ್ರವರಿ 11ರ ಕಚೇರಿ ಜ್ಞಾಪನವೇ ಇದೆ. ಅದರ ಪ್ರಕಾರ, ಅಂಗೀಕಾರಕ್ಕೆ ಮೊದಲೇ ಹಿಂಪಡೆದರೆ ರಾಜೀನಾಮೆ ತಾನಾಗಿಯೇ ರದ್ದಾಗುತ್ತದೆ. ಅಂಗೀಕಾರವಾಗಿ ಇನ್ನೂ ಬಿಡುಗಡೆ ಆಗಿರದಿದ್ದರೆ ಸಾಮಾನ್ಯವಾಗಿ ಅನುಮತಿಸಬೇಕು, ನಿರಾಕರಿಸುವುದಾದರೆ ಕಾರಣವನ್ನು ದಾಖಲಿಸಿ ನೌಕರರಿಗೆ ತಿಳಿಸಬೇಕು. ಕೊಂಕಣ ರೈಲ್ವೆಯಲ್ಲಿ 2013ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟು 2014ರ ಮೇ 26ರಂದು ಹಿಂಪಡೆದ ನೌಕರರೊಬ್ಬರನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಮರಳಿ ಕೆಲಸಕ್ಕೆ ಸೇರಿಸಿತು. ಮೊದಲೇ ಅಂಗೀಕರಿಸಿದ್ದೆವು ಎಂದು ನಿಗಮ ವಾದಿಸಿತ್ತು. ಆದರೆ ಆ ಕಾಗದ ಕಚೇರಿಯ ಒಳಗೇ ಉಳಿದಿತ್ತು, ನೌಕರರಿಗೆ ತಲುಪಿರಲಿಲ್ಲ.

ಈ ಪ್ರಕರಣಗಳನ್ನು ಓದಿ ಖಾಸಗಿ ಕಂಪನಿಯವರು ಹಿಗ್ಗಬೇಕಿಲ್ಲ. ಇವೆಲ್ಲ ಸರ್ಕಾರದ ಅಥವಾ ಸಾರ್ವಜನಿಕ ಉದ್ದಿಮೆಗಳ ವಿಷಯ. ಖಾಸಗಿ ಸಂಸ್ಥೆಯಲ್ಲಿ ನಿಮ್ಮ ನೇಮಕಾತಿ ಪತ್ರವೇ ಮೊದಲ ಕಾನೂನು. ‘ಅಂಗೀಕರಿಸಿದ ರಾಜೀನಾಮೆಯನ್ನು ಕಂಪನಿಯ ಒಪ್ಪಿಗೆಯಿಲ್ಲದೆ ಹಿಂಪಡೆಯುವಂತಿಲ್ಲ’ ಎಂಬ ಸಾಲು ಎಷ್ಟೋ ನೇಮಕಾತಿ ಪತ್ರಗಳ ಕೊನೆಯ ಪುಟದಲ್ಲಿ ಇರುತ್ತದೆ. ಅಲ್ಲದೆ, ಬೇಡವೆಂದ ಖಾಸಗಿ ಮಾಲೀಕನ ಮೇಲೆ ವ್ಯವಸ್ಥಾಪಕ ದರ್ಜೆಯ ಉದ್ಯೋಗಿಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಹೇರುವುದಿಲ್ಲ. ಹೆಚ್ಚೆಂದರೆ ಪರಿಹಾರದ ಹಣ ಸಿಗಬಹುದು. ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವ ಕಾರ್ಮಿಕರಿಗೆ ಕೈಗಾರಿಕಾ ವಿವಾದದ ದಾರಿ ಇದೆ; ಮ್ಯಾನೇಜರಿಗೆ ಆ ದಾರಿಯೂ ಇಲ್ಲ. ಹಾಗಾಗಿ ಖಾಸಗಿ ನೌಕರಿಯಲ್ಲಿ ಇರುವವರಿಗೆ ಎಲ್ಲವೂ ನಿಂತಿರುವುದು ಮಾಲೀಕರ ಒಪ್ಪಿಗೆಯ ಮೇಲೆ. ಪತ್ರದ ಒಕ್ಕಣೆ ಮುಖ್ಯವಾಗುವುದು ಇಲ್ಲೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾಲ್ಕು ವರ್ಷದಿಂದ ಇರುವ ಒಬ್ಬ ಹೆಣ್ಣುಮಗಳು. ಪುಣೆಯಲ್ಲಿ ಹೆಚ್ಚಿನ ಸಂಬಳದ ಕೆಲಸ ಸಿಕ್ಕಿತೆಂದು ಜುಲೈ 1ರಂದು ರಾಜೀನಾಮೆ ಕೊಟ್ಟಿದ್ದಾಳೆ. ಎರಡು ತಿಂಗಳ ನೋಟಿಸ್, ಕೊನೆಯ ದಿನ ಆಗಸ್ಟ್ 31. ಜುಲೈ 20ರ ಹೊತ್ತಿಗೆ ತುಮಕೂರಿನಲ್ಲಿರುವ ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಗಿದೆ. ಪುಣೆಗೆ ಹೋಗುವ ಮಾತೇ ಇಲ್ಲ. ಅವಳ ಜಾಗಕ್ಕೆ ಸಂದರ್ಶನಗಳು ನಡೆಯುತ್ತಿವೆ, ಇನ್ನೂ ಯಾರಿಗೂ ಆಫರ್ ಲೆಟರ್ ಹೋಗಿಲ್ಲ. ಅವಳು ಮೊದಲು ಬರೆದ ಕರಡು ಹೀಗಿದೆ ಎನ್ನಿ:

‘ಮಾನ್ಯರೇ, ಕೆಲವು ವೈಯಕ್ತಿಕ ಕಾರಣಗಳಿಂದ ನನ್ನ ರಾಜೀನಾಮೆಯ ಬಗ್ಗೆ ಮರುಚಿಂತನೆ ಮಾಡುತ್ತಿದ್ದೇನೆ. ದಯವಿಟ್ಟು ನನಗೆ ಇನ್ನೊಂದು ಅವಕಾಶ ಕೊಡಬೇಕಾಗಿ ಕೋರುತ್ತೇನೆ. ಸಂಬಳದ ಬಗ್ಗೆಯೂ ಒಮ್ಮೆ ಮಾತಾಡಬಹುದೆಂದು ಭಾವಿಸುತ್ತೇನೆ.’

ಮೂರೇ ಸಾಲು, ಮೂರೂ ತಪ್ಪು. ‘ಮರುಚಿಂತನೆ ಮಾಡುತ್ತಿದ್ದೇನೆ’ ಎಂದರೆ ರಾಜೀನಾಮೆ ಇನ್ನೂ ಜಾರಿಯಲ್ಲೇ ಇದೆ ಎಂದಾಯಿತು. ನಾಳೆ ವ್ಯಾಜ್ಯವಾದರೆ ಈ ಕಾಗದ ಹಿಂಪಡೆದ ಪತ್ರವೆಂದು ನಿಲ್ಲುವುದು ಕಷ್ಟ. ‘ಇನ್ನೊಂದು ಅವಕಾಶ’ ಎಂಬುದು ತಪ್ಪು ಮಾಡಿ ಹೊರಹೋದವರು ಹೊಸದಾಗಿ ಸೇರಿಸಿಕೊಳ್ಳಿ ಎಂದು ಬೇಡುವ ಧಾಟಿ. ಅವಳು ಹೊರಗೆ ಹೋಗಿಯೇ ಇಲ್ಲ. ಹೊಸ ನೇಮಕಾತಿ ಎಂದಾದರೆ ನಾಲ್ಕು ವರ್ಷದ ಸೇವೆಯ ಎಣಿಕೆ ಕಡಿಯಬಹುದು. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷ ಸತತ ಸೇವೆ ಬೇಕಾಗಿರುವಾಗ ಇದು ಸಣ್ಣ ನಷ್ಟವಲ್ಲ. ಇನ್ನು ಸಂಬಳದ ಮಾತು ಬಂದ ಕೂಡಲೇ, ಹೆಚ್ಚು ಕೊಡಲಿ ಎಂದೇ ರಾಜೀನಾಮೆಯ ಆಟ ಹೂಡಿದ್ದಳು ಎಂಬ ಅನುಮಾನ ಗಟ್ಟಿಯಾಗುತ್ತದೆ.

ಪತ್ರ ಓದುವವರ ಮನಸ್ಸಿನಲ್ಲಿ ಏನಿರುತ್ತದೆ ಎಂದು ಯೋಚಿಸಬೇಕು. ಮ್ಯಾನೇಜರ್ ಒಬ್ಬರೇ ತೀರ್ಮಾನಿಸುವಂತಿಲ್ಲ. ಅವರು ಇದನ್ನು ಎಚ್‌ಆರ್‌ಗೆ, ತಮ್ಮ ಮೇಲಿನವರಿಗೆ ಕಳಿಸಿ ಒಪ್ಪಿಸಬೇಕು. ಅಲ್ಲಿ ಕೇಳುವ ಪ್ರಶ್ನೆಗಳು ಎರಡೇ: ಮೂರು ತಿಂಗಳು ಬಿಟ್ಟು ಮತ್ತೆ ಹೋಗುತ್ತಾರಾ? ಸಂದರ್ಶನ ಶುರುಮಾಡಿದ್ದೇವಲ್ಲ, ಅದನ್ನು ಏನು ಮಾಡುವುದು? ಈ ಎರಡಕ್ಕೂ ಉತ್ತರ ಪತ್ರದಲ್ಲೇ ಇದ್ದರೆ ಮ್ಯಾನೇಜರ್ ಒಂದು ಸಾಲಿನ ಶಿಫಾರಸು ಸೇರಿಸಿ ಮುಂದೆ ಕಳಿಸಬಲ್ಲರು. ಹಾಗಾಗಿ ತಿದ್ದಿದ ಪತ್ರ ಹೀಗಿರಬೇಕು:

‘ವಿಷಯ: ಜುಲೈ 1ರ ರಾಜೀನಾಮೆಯನ್ನು ಹಿಂಪಡೆದಿರುವ ಬಗ್ಗೆ.

ಮಾನ್ಯರೇ, ಆಗಸ್ಟ್ 31ರಂದು ಕಚೇರಿ ಸಮಯ ಮುಗಿದ ನಂತರ ಜಾರಿಗೆ ಬರುವಂತೆ ಜುಲೈ 1ರಂದು ನಾನು ನೀಡಿದ್ದ ರಾಜೀನಾಮೆಯನ್ನು ಈ ಪತ್ರದ ಮೂಲಕ ಹಿಂಪಡೆದಿದ್ದೇನೆ.

ತಂದೆಯವರ ಚಿಕಿತ್ಸೆಯ ಕಾರಣ ನಾನು ಬೆಂಗಳೂರಿನ ಆಸುಪಾಸಿನಲ್ಲೇ ಇರಬೇಕಾಗಿದೆ. ಬೇರೆ ಊರಿನಲ್ಲಿ ಒಪ್ಪಿಕೊಂಡಿದ್ದ ಕೆಲಸವನ್ನು ಲಿಖಿತವಾಗಿ ನಿರಾಕರಿಸಿದ್ದೇನೆ. ಈಗಿನ ಹುದ್ದೆಯಲ್ಲಿ, ಈಗಿನ ಷರತ್ತುಗಳ ಮೇಲೆಯೇ ಮುಂದುವರಿಯುತ್ತೇನೆ.

ನನ್ನ ಸ್ಥಾನಕ್ಕೆ ಆಯ್ಕೆ ಪ್ರಕ್ರಿಯೆ ಆರಂಭವಾಗಿರುವುದು ನನಗೆ ತಿಳಿದಿದೆ. ಅದರಿಂದ ಆಗಿರುವ ತೊಂದರೆಗೆ ವಿಷಾದಿಸುತ್ತೇನೆ. ಹಸ್ತಾಂತರಕ್ಕಾಗಿ ಸಿದ್ಧಪಡಿಸಿದ ಸರಬರಾಜುದಾರರ ಕಡತಗಳು ವಿಭಾಗದಲ್ಲೇ ಇರುತ್ತವೆ, ಬಾಕಿ ಖರೀದಿ ಆದೇಶಗಳನ್ನು ನಾನೇ ಮುಂದುವರಿಸುತ್ತೇನೆ.

ರಾಜೀನಾಮೆ ರದ್ದಾಗಿದ್ದು, ನನ್ನ ಸೇವೆ ಅಡೆತಡೆಯಿಲ್ಲದೆ ಮುಂದುವರಿದಿದೆ ಎಂದು ಲಿಖಿತವಾಗಿ ದೃಢಪಡಿಸಬೇಕಾಗಿ ಕೋರುತ್ತೇನೆ.’

ಇಲ್ಲಿ ಕೋರಿಕೆ ಇರುವುದು ಕೊನೆಯ ಸಾಲಿನಲ್ಲಿ ಮಾತ್ರ. ಮೊದಲ ಸಾಲು ಕ್ರಿಯೆ: ಹಿಂಪಡೆದಿದ್ದೇನೆ, ಮುಗಿಯಿತು. ಎರಡೂ ತಾರೀಖುಗಳು ಅದೇ ಸಾಲಿನಲ್ಲಿವೆ, ಇನ್ನೂ ಸಮಯ ಇದೆ ಎಂಬುದು ಯಾರಿಗಾದರೂ ಕಾಣುತ್ತದೆ. ಹಕ್ಕನ್ನು ಬಿಟ್ಟುಕೊಡದೆಯೇ ವಿನಯ ತೋರಿಸುವ ಕ್ರಮ ಇದು. ಕೋರ್ಟು ಕಚೇರಿಯ ತೀರ್ಪುಗಳನ್ನು ಮೊದಲ ಪತ್ರದಲ್ಲಿ ಎತ್ತಬಾರದು. ಎತ್ತಿದರೆ ಉತ್ತರ ಬರೆಯುವುದು ಮ್ಯಾನೇಜರ್ ಅಲ್ಲ, ಕಂಪನಿಯ ವಕೀಲರು.

ಕಾರಣ ನಿಜವಾಗಿರಬೇಕು, ಒಂದೇ ಇರಬೇಕು. ಹೋಗಬೇಕಿದ್ದ ಕಂಪನಿಯೇ ಆಫರ್ ರದ್ದು ಮಾಡಿದ್ದರೆ ‘ನಾನು ಸೇರಬೇಕಿದ್ದ ಹುದ್ದೆ ರದ್ದಾಗಿದೆ’ ಎಂದೇ ಬರೆಯಿರಿ. ಇಲ್ಲದ ಕಾಯಿಲೆಯನ್ನು ಅಪ್ಪ ಅಮ್ಮನ ಮೇಲೆ ಹೊರಿಸಬೇಡಿ. ಇಂಥ ಸಂಗತಿ ಒಂದೇ ಉದ್ಯಮದೊಳಗೆ ಬೇಗ ಹರಡುತ್ತದೆ. ಸಿಟ್ಟಿನಲ್ಲಿ ಕೊಟ್ಟ ರಾಜೀನಾಮೆಯಾಗಿದ್ದರೆ ಯಾರ ಮೇಲೂ ದೂರು ಬೇಡ. ‘ಆತುರದಲ್ಲಿ ಕೊಟ್ಟಿದ್ದೆ, ಯೋಚಿಸಿ ಹಿಂಪಡೆದಿದ್ದೇನೆ’ ಎಂಬಷ್ಟೇ ಸಾಕು.

ಪತ್ರ ಕಳಿಸುವ ಮೊದಲು ಮ್ಯಾನೇಜರ್ ಜೊತೆ ಮುಖಾಮುಖಿ ಮಾತಾಡಿ, ಆದರೆ ಅದೇ ದಿನ ಇಮೇಲ್ ಹೋಗಲಿ. ಬಾಯಿಮಾತಿನಲ್ಲಿ ‘ಸರಿ, ನೋಡೋಣ’ ಎಂದದ್ದನ್ನು ನಂಬಿ ಮೂರು ವಾರ ಸುಮ್ಮನೆ ಕೂತರೆ ಯಾರಿಗೋ ಆಫರ್ ಹೋಗಿಬಿಡುತ್ತದೆ. ಹೊಸಬರು ಸೇರುವುದು ಖಚಿತವಾದ ಮೇಲೆ ಒಳ್ಳೆಯ ಮ್ಯಾನೇಜರ್ ಕೂಡ ಅಸಹಾಯಕ. ಅಷ್ಟರಲ್ಲಾಗಲೇ ಹಾಗೆ ಆಗಿದ್ದರೆ ಪತ್ರದಲ್ಲಿ ಒಂದು ಸಾಲು ಸೇರಿಸಿ: ಇದೇ ಹುದ್ದೆ ಸಾಧ್ಯವಿಲ್ಲದಿದ್ದರೆ ಸಮಾನ ದರ್ಜೆಯ ಬೇರೆ ವಿಭಾಗಕ್ಕೂ ಸಿದ್ಧ. ಇಮೇಲನ್ನು ರಾಜೀನಾಮೆ ಸ್ವೀಕರಿಸಿದ ಅಧಿಕಾರಿಗೇ ಕಳಿಸಿ, ಎಚ್‌ಆರ್‌ಗೆ ಪ್ರತಿ ಹೋಗಲಿ, ನಿಮ್ಮ ಸ್ವಂತ ವಿಳಾಸಕ್ಕೂ ಒಂದು ಪ್ರತಿ ಇರಲಿ. ಕೊನೆಯ ದಿನ ಮುಗಿದ ಕೂಡಲೇ ಕಚೇರಿಯ ಇಮೇಲ್ ಖಾತೆ ಮುಚ್ಚುತ್ತದೆ, ಆಮೇಲೆ ಪುರಾವೆ ನಿಮ್ಮ ಕೈಗೆ ಸಿಗುವುದಿಲ್ಲ. ಸರ್ಕಾರಿ ಕಚೇರಿಯಾದರೆ ಟಪಾಲಿನಲ್ಲಿ ಕೊಟ್ಟು ಮೊಹರು ಹಾಕಿಸಿದ ಸ್ವೀಕೃತಿ ಇಟ್ಟುಕೊಳ್ಳಿ.

ಒಪ್ಪಿಗೆ ಬಂದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಎಚ್‌ಆರ್ ತಂತ್ರಾಂಶದಲ್ಲಿ ನಿಮ್ಮ ಹೆಸರಿನ ಮುಂದೆ ಕೊನೆಯ ದಿನ ಆಗಸ್ಟ್ 31 ಎಂದೇ ಇದ್ದರೆ ಆ ದಿನ ಸಂಜೆ ಅದು ತನ್ನ ಪಾಡಿಗೆ ಎಲ್ಲವನ್ನೂ ಮುಚ್ಚುತ್ತದೆ. ನೋಟಿಸ್ ಅವಧಿಯ ಸಂಬಳವನ್ನು ಅಂತಿಮ ಲೆಕ್ಕಕ್ಕೆಂದು ಹಿಡಿದಿಡುವ ಕಂಪನಿಗಳೂ ಉಂಟು. ಭವಿಷ್ಯ ನಿಧಿಯ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾದರೆ ಅದನ್ನು ತಿದ್ದಿಸುವುದು ಇನ್ನೊಂದು ಅಲೆದಾಟ. ಆದ್ದರಿಂದ ಒಪ್ಪಿಗೆಯ ಉತ್ತರ ಬಂದ ದಿನವೇ, ನಿರ್ಗಮನದ ನಮೂದು ತೆಗೆದಿದ್ದೀರಾ, ಸಂಬಳದ ತಡೆ ತೆರವಾಗಿದೆಯೇ ಎಂದು ಬರಹದಲ್ಲಿ ಕೇಳಿ.

ಇನ್ನು ಕೆಲವು ಮಾತುಗಳು, ಪತ್ರಕ್ಕೂ ಮೊದಲಿನವು. ‘ಇಂದಿನಿಂದಲೇ ಬಿಡುಗಡೆ ಮಾಡಿ’ ಎಂದು ರಾಜೀನಾಮೆ ಕೊಟ್ಟವರಿಗೆ, ಅದು ಅಂಗೀಕಾರವಾದ ಮೇಲೆ ಹಿಂಪಡೆಯಲು ಸಮಯವೇ ಉಳಿಯುವುದಿಲ್ಲ. ಬೇಗ ಬಿಡಿ ಎಂದು ನಡುವೆ ಅರ್ಜಿ ಹಾಕಿದವರು ತಮ್ಮ ಅವಧಿಯನ್ನು ತಾವೇ ಮೊಟಕು ಮಾಡಿಕೊಂಡಂತೆ. ಕಂಪನಿಯೇ ತಾನಾಗಿ ದಿನಾಂಕ ಹಿಂದಕ್ಕೆ ತಂದರೆ ಸುಮ್ಮನಿರಬೇಡಿ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಅಧಿಕಾರಿಯೊಬ್ಬರು 1986ರ ಜೂನ್ 30ರಿಂದ ಎಂದು ರಾಜೀನಾಮೆ ಕೊಟ್ಟಿದ್ದಾಗ ಬ್ಯಾಂಕು ಫೆಬ್ರವರಿ 7ರಿಂದಲೇ ಅಂಗೀಕರಿಸಿತು. ಅವರು ಏಪ್ರಿಲ್ 15ರಂದು ಹಿಂಪಡೆದರು, ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆದರೆ ಬಿಇಎಂಎಲ್ ಅಧಿಕಾರಿಗೆ ನ್ಯಾಯ ಸಿಗಲು ಹನ್ನೆರಡು ವರ್ಷಕ್ಕೂ ಹೆಚ್ಚು ಹಿಡಿಯಿತು, ಕೊಂಕಣ ರೈಲ್ವೆಯವರಿಗೆ ಹತ್ತು. ನೀವು ಹಿಂಪಡೆಯಲು ತೀರ್ಮಾನಿಸಿದ್ದರೆ ಸೋಮವಾರದ ತನಕ ಕಾಯಬೇಡಿ. ಇವತ್ತೇ ಬರೆಯಿರಿ, ಉತ್ತರ ಕೈಗೆ ಬರುವ ತನಕ ಎಂದಿನಂತೆ ಕೆಲಸಕ್ಕೆ ಹೋಗಿ, ಹಾಜರಿ ಹಾಕಿ. ಗುರುತಿನ ಚೀಟಿಯನ್ನೂ ಲ್ಯಾಪ್‌ಟಾಪನ್ನೂ ನೀವಾಗಿಯೇ ಒಪ್ಪಿಸಬೇಡಿ.