ಒಂದು ಬಾಟಲಿ ಶೇಂಗಾ ಚಟ್ನಿಪುಡಿ

ರುಚಿ ಬಲ್ಲವರಿಗೆ ಕೈಯಾರೆ ಏನಾದರೂ ಮಾಡಿಕೊಡಬೇಕು ಎಂದಾಗ ಹೊಸಬರಿಗೆ ಮೊದಲು ನೆನಪಾಗುವುದು ಮೈಸೂರು ಪಾಕ್. ದಯವಿಟ್ಟು ಬೇಡ. ಪಾಕ ಒಂದು ಚೂರು ಹೆಚ್ಚಾದರೆ ಕಲ್ಲು, ಕಮ್ಮಿಯಾದರೆ ಹಲ್ವ. ತುಪ್ಪದ ಖರ್ಚು ಬೇರೆ. ಒಲೆ ಮುಂದೆ ಹೆಚ್ಚು ನಿಂತು ಅಭ್ಯಾಸವಿಲ್ಲದವರು ಉತ್ತರ ಕರ್ನಾಟಕದ ಶೇಂಗಾ ಚಟ್ನಿಪುಡಿಯಿಂದ ಶುರುಮಾಡುವುದು ಲೇಸು. ಒಂದು ಬಾಣಲೆ, ಒಂದು ಮಿಕ್ಸರ್, ಒಂದು ಗಂಟೆ ಬಿಡುವು ಇದ್ದರೆ ಸಾಕು. ರೊಟ್ಟಿಯಿಂದ ಮೊಸರನ್ನದವರೆಗೆ ಎಲ್ಲದಕ್ಕೂ ಹೊಂದುವುದರಿಂದ ಪಡೆದವರು ದಿನವೂ ಬಾಟಲಿಗೆ ಕೈಹಾಕುತ್ತಾರೆ.

ಎರಡು ಸಣ್ಣ ಬಾಟಲಿಗೆ ಕಾಲು ಕಿಲೊ ಶೇಂಗಾ ಬೇಕು. ಜೊತೆಗೆ ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿ, ಎರಡು ಎಸಳು ಕರಿಬೇವು, ಒಂದು ಚಮಚ ಜೀರಿಗೆ, ಒಂದೂವರೆ ಚಮಚ ಉಪ್ಪು, ಗೋಲಿಯಷ್ಟು ಹುಣಸೆಹಣ್ಣು, ಅಷ್ಟೇ ಬೆಲ್ಲ. ಬ್ಯಾಡಗಿಯೇ ಏಕೆಂದರೆ ಅದು ಬಣ್ಣ ಹೆಚ್ಚು, ಖಾರ ಕಮ್ಮಿ ಇರುವ ಕಾಯಿ. ಗುಂಟೂರು ಕಾಯಿ ಹಾಕುವುದಾದರೆ ಸಂಖ್ಯೆ ಅರ್ಧಕ್ಕಿಳಿಸಿ. ಶೇಂಗಾದಲ್ಲಿ ಬೂಸ್ಟು ಹಿಡಿದ, ಮುರುಟಿದ ಕಾಳು ಕಂಡರೆ ಆರಿಸಿ ಎಸೆಯಿರಿ. ಅದರ ವಿಷ ಹುರಿದರೂ ಹೋಗುವುದಿಲ್ಲ.

ಇಡೀ ಪುಡಿಯ ಹಣೆಬರಹ ನಿಂತಿರುವುದು ಹುರಿಯುವುದರಲ್ಲಿ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ, ಕೈಬಿಡದೆ ಹನ್ನೆರಡು–ಹದಿನೈದು ನಿಮಿಷ ಆಡಿಸಬೇಕು. ಉರಿ ಜೋರಾದರೆ ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ಕಾಳು ಮಾತ್ರ ಹಸಿಯಾಗೇ ಇರುತ್ತದೆ. ಅಂಥ ಪುಡಿ ನಾಲಿಗೆಗೆ ಕಹಿಯೂ ಹೌದು, ಹಸಿ ವಾಸನೆಯೂ ಹೌದು. ಚಟಪಟ ಸದ್ದು ಬಂದು ಸಿಪ್ಪೆ ಅಲ್ಲಲ್ಲಿ ಬಿರಿದಾಗ ಒಂದು ಕಾಳನ್ನು ಎರಡು ಹೋಳು ಮಾಡಿ ನೋಡಿ. ಒಳಗೆ ತಿಳಿ ಹೊಂಬಣ್ಣ ಕಂಡರೆ ಒಲೆ ಆರಿಸಬಹುದು. ಬಿಸಿ ಶೇಂಗಾ ಬಾಯಿಗೆ ಮೆತ್ತಗೇ ಸಿಗುತ್ತದೆ, ಆರಿದ ಮೇಲೆ ಗರಿಗರಿಯಾಗುತ್ತದೆ. ಆದ್ದರಿಂದ ‘ಇನ್ನೂ ಹುರಿದಿಲ್ಲ’ ಎಂದು ಮೋಸಹೋಗಬೇಡಿ. ಹುರಿದದ್ದನ್ನು ತಕ್ಷಣ ತಟ್ಟೆಗೆ ಸುರಿಯಿರಿ. ಕಾದ ಬಾಣಲೆಯಲ್ಲೇ ಬಿಟ್ಟರೆ ಕಾಳು ಹುರಿಯುತ್ತಲೇ ಇರುತ್ತದೆ.

ಅದೇ ಬಾಣಲೆಗೆ ಅರ್ಧ ಚಮಚ ಎಣ್ಣೆ ಬಿಟ್ಟು ಮೆಣಸಿನಕಾಯಿ, ಕರಿಬೇವು, ಜೀರಿಗೆ, ಬಿಡಿಸಿದ ಹುಣಸೆಹಣ್ಣನ್ನು ಬೇರೆಬೇರೆಯಾಗಿ ಬೆಚ್ಚಗೆ ಮಾಡಿಕೊಳ್ಳಿ. ಕರಿಬೇವು ಬೆರಳಲ್ಲಿ ಮುರಿದರೆ ಪುಡಿಯಾಗಬೇಕು. ಬೆಳ್ಳುಳ್ಳಿಯನ್ನು ಎಷ್ಟೋ ಮನೆಗಳಲ್ಲಿ ಸಿಪ್ಪೆಸಮೇತ ಹಸಿಯಾಗಿಯೇ ಹಾಕುತ್ತಾರೆ. ಘಮ ಅದರಲ್ಲೇ ಹೆಚ್ಚು, ಸುಳ್ಳಲ್ಲ. ಆದರೆ ಹಸಿ ಬೆಳ್ಳುಳ್ಳಿಯ ತೇವ ಪುಡಿಯ ಆಯುಷ್ಯ ತಿನ್ನುತ್ತದೆ. ಬೇರೆಯವರ ಮನೆಗೆ ಹೋಗುವ ಬಾಟಲಿಗಾದರೆ ಜಜ್ಜಿ, ಕೆಂಪಗೆ ಹುರಿದು ಹಾಕುವುದೇ ಸರಿ.

ಎಲ್ಲವೂ ಪೂರ್ತಿ ಆರಲು ಅರ್ಧ ಗಂಟೆ ಬಿಡಿ. ಶೇಂಗಾ ಸಿಪ್ಪೆಯನ್ನು ಅಂಗೈಯಲ್ಲಿ ತಿಕ್ಕಿ ಕೇರಿಬಿಡಿ. ಮೊದಲು ಮೆಣಸಿನಕಾಯಿ, ಮಸಾಲೆ, ಉಪ್ಪು, ಬೆಳ್ಳುಳ್ಳಿಯನ್ನು ನುಣ್ಣಗೆ ಮಾಡಿ, ಕೊನೆಗೆ ಶೇಂಗಾ, ಬೆಲ್ಲ ಹಾಕಿ. ಇಲ್ಲಿ ಮಿಕ್ಸರನ್ನು ಒಂದೇ ಸಮನೆ ಓಡಿಸಬಾರದು. ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಜಾರ್ ಬಿಸಿಯಾದೊಡನೆ ಅದು ಹೊರಬಿದ್ದು ಪುಡಿ ಉಂಡೆಗಟ್ಟುತ್ತದೆ. ಎರಡು ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಚಮಚದಿಂದ ಕೆದಕಿ, ಮತ್ತೆ ತಿರುಗಿಸಿ. ಒರಳಲ್ಲಿ ಕುಟ್ಟಿದ ಪುಡಿಯಂತೆ ತರಿತರಿಯಾಗಿರಬೇಕು. ಅಷ್ಟಾಗಿಯೂ ಮುದ್ದೆಯಾದರೆ ಎರಡು ಚಮಚ ಪುಟಾಣಿ ಹಿಟ್ಟು ಬೆರೆಸಿ, ಅದು ಎಣ್ಣೆ ಹೀರಿಕೊಳ್ಳುತ್ತದೆ. ಉಪ್ಪು–ಖಾರವನ್ನು ಬರಿ ಪುಡಿಯಲ್ಲಿ ಅಳೆಯಬೇಡಿ, ಒಂದು ತುತ್ತು ಅನ್ನದ ಜೊತೆ ನೋಡಿ.

ಬಾಟಲಿ ಕೊಳ್ಳುವ ಅಗತ್ಯವಿಲ್ಲ. ಜಾಮ್ ಮುಗಿದ ಗಾಜಿನ ಬಾಟಲಿ ಸಾಕು. ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ. ಮುಚ್ಚಳದಲ್ಲಿ ಉಪ್ಪಿನಕಾಯಿ ವಾಸನೆ ಉಳಿದಿದ್ದರೆ ಆ ಬಾಟಲಿ ಬೇಡ. ಪುಡಿ ಬೆಚ್ಚಗಿರುವಾಗಲೇ ತುಂಬಿದರೆ ಒಳಗೆ ಹಬೆ ಹನಿಯಾಗಿ ಬೂಸ್ಟು ಬರುತ್ತದೆ. ರಿಬ್ಬನ್, ಬಣ್ಣದ ಕಾಗದ ನಿಮ್ಮಿಷ್ಟ. ನನಗೆ ಕೇಳಿದರೆ ಅವುಗಳಿಗಿಂತ ಒಂದು ಚೀಟಿ ಮುಖ್ಯ. ಅದರಲ್ಲಿ ಮಾಡಿದ ತಾರೀಖು, ಹಾಕಿದ ಸಾಮಾನು, ಒಣ ಚಮಚ ಬಳಸಿ ಎಂಬ ಮಾತು ಇರಲಿ. ‘ಬಿಸಿ ಜೋಳದ ರೊಟ್ಟಿ, ಗಟ್ಟಿ ಮೊಸರಿನ ಜೊತೆ’ ಎಂದೂ ಬರೆಯಿರಿ. ಮೂರು ವಾರದೊಳಗೆ ತಿಂದರೆ ಚೆನ್ನ, ಫ್ರಿಜ್ಜಿನಲ್ಲಿಟ್ಟರೆ ಇನ್ನಷ್ಟು ದಿನ. ಕಮಟು ವಾಸನೆ ಬಂದರೆ ಮುಗಿಯಿತು.

ಕೈ ಪಳಗಿದ ಮೇಲೆ ಅಗಸೆ, ಗುರೆಳ್ಳು ಪುಡಿಗಳನ್ನೂ ಇದೇ ಕ್ರಮದಲ್ಲಿ ಮಾಡಿ ಮೂರು ಬಾಟಲಿಯ ಸೆಟ್ ಕೊಡಬಹುದು. ಶೇಂಗಾ ಎಲ್ಲರ ಮೈಗೂ ಒಗ್ಗುವುದಿಲ್ಲ, ಬೆಳ್ಳುಳ್ಳಿ ತಿನ್ನದ ಮನೆಗಳೂ ಇವೆ. ಬಾಣಲೆ ಒಲೆಗೇರಿಸುವ ಮೊದಲೇ ಆ ಎರಡನ್ನು ಕೇಳಿಕೊಳ್ಳಿ.