ಅರವತ್ತಕ್ಕೆ ಗೆರೆ ಎಳೆದದ್ದು ಹೇಗೆ?

ಸಕ್ಕರೆ ಕಾಯಿಲೆ ಇರಬಹುದೇ ಎಂದು ಅಂದಾಜಿಸಲು ರಕ್ತವೇ ಬೇಕಿಲ್ಲ. ಮೂರು ಪ್ರಶ್ನೆ, ಸೊಂಟ ಅಳೆಯಲು ಒಂದು ಟೇಪು, ಇಷ್ಟಿದ್ದರೆ ಸಾಕು. ಚೆನ್ನೈನ ಡಾ. ವಿ. ಮೋಹನ್ ಮತ್ತು ಅವರ ತಂಡ 2005ರಲ್ಲಿ ಪ್ರಕಟಿಸಿದ ‘ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್’ ಇರುವುದೇ ಹೀಗೆ. ವಯಸ್ಸು 35ರೊಳಗಿದ್ದರೆ ಸೊನ್ನೆ, 35ರಿಂದ 49ರವರೆಗೆ 20 ಅಂಕ, 50 ದಾಟಿದ್ದರೆ 30. ಗಂಡಸರ ಸೊಂಟ 90 ಸೆಂಟಿಮೀಟರಿನೊಳಗೆ, ಹೆಂಗಸರದು 80ರೊಳಗೆ ಇದ್ದರೆ ಸೊನ್ನೆ. ಅದರಾಚೆ ಹತ್ತು ಸೆಂಟಿಮೀಟರಿನ ತನಕ 10, ಇನ್ನೂ ಹೆಚ್ಚಿದ್ದರೆ 20. ವ್ಯಾಯಾಮವೂ ಇದೆ, ಮೈಮುರಿಯುವ ಕೆಲಸವೂ ಇದೆ ಎನ್ನುವವರಿಗೆ ಸೊನ್ನೆ, ಎರಡರಲ್ಲೊಂದು ಇದ್ದರೆ 20, ಎರಡೂ ಇಲ್ಲದೆ ಕೂತೇ ದಿನ ಕಳೆಯುವವರಿಗೆ 30. ತಂದೆ ತಾಯಿಯರಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು ನೂರಕ್ಕೆ ಲೆಕ್ಕ.

52 ವರ್ಷದ ಅಂಗಡಿಯವರೊಬ್ಬರು ಇದ್ದಾರೆನ್ನಿ. ದಿನವಿಡೀ ಗಲ್ಲಾದ ಮುಂದೆ ಕೂರುತ್ತಾರೆ, ಸೊಂಟ 94, ತಾಯಿಗೆ ಸಕ್ಕರೆ ಕಾಯಿಲೆ. ಅವರಿಗೆ 80 ಅಂಕ ಬರುತ್ತದೆ. ಹೊಲದಲ್ಲಿ ದುಡಿಯುವ 42ರ ಹೆಂಗಸು, ಸೊಂಟ 82, ಹೆತ್ತವರಿಗೆ ಕಾಯಿಲೆ ಇಲ್ಲ, ಬೇರೆ ವ್ಯಾಯಾಮವೂ ಇಲ್ಲ. ಆಕೆಗೆ 50. ನಿಯಮದ ಪ್ರಕಾರ 60 ಅಥವಾ ಹೆಚ್ಚು ಬಂದವರನ್ನು ರಕ್ತ ಪರೀಕ್ಷೆಗೆ ಕಳಿಸಬೇಕು. ಅಂಗಡಿಯವರು ಹೋಗುತ್ತಾರೆ, ಹೊಲದ ಹೆಂಗಸು ಮನೆಗೆ ಮರಳುತ್ತಾಳೆ. 60ಕ್ಕೇ ಏಕೆ? 50ಕ್ಕೆ ಎಳೆದಿದ್ದರೆ ಆಕೆಯೂ ಒಳಗೆ ಬರುತ್ತಿದ್ದಳಲ್ಲ?

ಈ ಗೆರೆಗೆ ವೈದ್ಯರ ಬಾಯಲ್ಲಿ ಕಟ್-ಆಫ್ ಎಂದು ಹೆಸರು. ಅದನ್ನು ಕೆಳಗಿಳಿಸಿದಷ್ಟೂ ಕಾಯಿಲೆಯವರು ಹೆಚ್ಚು ಸಿಗುತ್ತಾರೆ, ಜೊತೆಗೆ ಕಾಯಿಲೆ ಇಲ್ಲದವರೂ ಹೆಚ್ಚು ಬಂದು ಸೇರುತ್ತಾರೆ. ಮೇಲೇರಿಸಿದರೆ ಎರಡೂ ಕಡಿಮೆಯಾಗುತ್ತವೆ. ಕಾಯಿಲೆ ಇರುವವರಲ್ಲಿ ಎಷ್ಟು ಪಾಲು ಮಂದಿಯನ್ನು ಪರೀಕ್ಷೆ ಹಿಡಿಯುತ್ತದೆ ಎಂಬುದು ಅದರ ಸೆನ್ಸಿಟಿವಿಟಿ. ಕಾಯಿಲೆ ಇಲ್ಲದವರಲ್ಲಿ ಎಷ್ಟು ಪಾಲು ಮಂದಿಯನ್ನು ಸರಿಯಾಗಿ ಮನೆಗೆ ಕಳಿಸುತ್ತದೆ ಎಂಬುದು ಸ್ಪೆಸಿಫಿಸಿಟಿ. ಒಂದೇ ಸ್ಕೋರಿನಲ್ಲಿ ಬರೀ ಗೆರೆಯನ್ನು ಜರುಗಿಸಿ ಎರಡನ್ನೂ ಒಟ್ಟಿಗೆ ಏರಿಸಲು ಬರುವುದಿಲ್ಲ.

ಈ ಕೊಡುಕೊಳ್ಳುವಿಕೆಯನ್ನು ಒಂದೇ ಚಿತ್ರದಲ್ಲಿ ತೋರಿಸುವುದು ಆರ್‌ಒಸಿ ರೇಖೆ. ರಿಸೀವರ್ ಆಪರೇಟಿಂಗ್ ಕ್ಯಾರೆಕ್ಟರಿಸ್ಟಿಕ್ ಎಂಬುದು ಪೂರ್ಣ ಹೆಸರು. ರಾಡಾರಿನಲ್ಲಿ ಕಂಡ ಮಿಣುಕು ನಿಜವಾದ ವಿಮಾನದ್ದೋ ಬರೀ ಗದ್ದಲವೋ ಎಂದು ತೀರ್ಮಾನಿಸುವವರ ಲೆಕ್ಕಾಚಾರದಿಂದ ಅದು ವೈದ್ಯಶಾಸ್ತ್ರಕ್ಕೆ ಬಂತು. ಬಿಡಿಸುವುದು ಕಷ್ಟವೇನಲ್ಲ. ಒಂದು ಪುಟ್ಟ ಶಿಬಿರವನ್ನು ಊಹಿಸಿಕೊಳ್ಳೋಣ. ಹತ್ತು ಜನ ಬಂದಿದ್ದಾರೆ, ಹತ್ತೂ ಮಂದಿಯ ಸ್ಕೋರನ್ನೂ ತೆಗೆದು, ರಕ್ತವನ್ನೂ ಪರೀಕ್ಷಿಸಿದ್ದೇವೆ. ನಾಲ್ವರಿಗೆ ಕಾಯಿಲೆ ಇದೆ. ಅವರ ಅಂಕ 80, 70, 60, 40. ಆರು ಮಂದಿಗೆ ಇಲ್ಲ. ಅವರ ಅಂಕ 70, 50, 50, 40, 30, 20.

ಗೆರೆಯನ್ನು ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಸುತ್ತ ಬನ್ನಿ. 80ರಲ್ಲಿ ನಿಲ್ಲಿಸಿದರೆ ಕಾಯಿಲೆಯವರಲ್ಲಿ ಒಬ್ಬರು ಸಿಗುತ್ತಾರೆ, ಇಲ್ಲದವರು ಯಾರೂ ಸಿಕ್ಕಿಬೀಳುವುದಿಲ್ಲ. 70ಕ್ಕೆ ಇಳಿಸಿದರೆ ಕಾಯಿಲೆಯವರು ಇಬ್ಬರು, ಇಲ್ಲದವರು ಒಬ್ಬರು. 60ಕ್ಕೆ ಬಂದರೆ ಕಾಯಿಲೆಯವರು ಮೂವರು, ಇಲ್ಲದವರು ಆ ಒಬ್ಬರೇ. 50ಕ್ಕೆ ಇಳಿಸಿದರೆ ಲಾಭ ಏನೂ ಇಲ್ಲ: ಕಾಯಿಲೆಯವರು ಮೂವರೇ, ಇಲ್ಲದವರು ಮಾತ್ರ ಒಬ್ಬರಿಂದ ಮೂವರಾದರು. 40ಕ್ಕೆ ಬಂದರೆ ನಾಲ್ವರು ಕಾಯಿಲೆಯವರೂ ಸಿಕ್ಕರು, ಜೊತೆಗೆ ಇಲ್ಲದವರು ನಾಲ್ವರು. ಈಗ ಚೌಕದ ಕಾಗದದ ಮೇಲೆ ಒಂದೊಂದು ಮೆಟ್ಟಿಲಿಗೂ ಒಂದೊಂದು ಚುಕ್ಕಿ ಇಡಿ. ಕಾಯಿಲೆಯವರಲ್ಲಿ ಸಿಕ್ಕ ಪಾಲು ಎಷ್ಟೋ ಅಷ್ಟು ಮೇಲಕ್ಕೆ, ಇಲ್ಲದವರಲ್ಲಿ ಸಿಕ್ಕಿಬಿದ್ದ ಪಾಲು ಎಷ್ಟೋ ಅಷ್ಟು ಬಲಕ್ಕೆ. ಚುಕ್ಕಿಗಳನ್ನು ಸೇರಿಸಿದರೆ ಅದೇ ಆರ್‌ಒಸಿ ರೇಖೆ. ಒಳ್ಳೆಯ ಸ್ಕೋರಿನ ರೇಖೆ ಎಡಮೂಲೆಯ ತುದಿಯತ್ತ ಉಬ್ಬಿರುತ್ತದೆ. ನಾಣ್ಯ ಚಿಮ್ಮಿ ಹೇಳಿದಂಥ ಸ್ಕೋರಿನದು ಮೂಲೆಯಿಂದ ಮೂಲೆಗೆ ನೆಟ್ಟಗೆ ಹೋಗುತ್ತದೆ.

ರೇಖೆಯ ಕೆಳಗಿನ ಜಾಗದ ಅಳತೆಯೇ ಎಯುಸಿ. ಜಾಗವನ್ನು ಅಳೆಯದೆಯೂ ಅದನ್ನು ಲೆಕ್ಕಹಾಕಬಹುದು; ಅದರ ಅರ್ಥ ತಿಳಿಯುವುದೂ ಹಾಗೆ ಲೆಕ್ಕಹಾಕಿದಾಗಲೇ ಎಂದು ನನ್ನ ಅನಿಸಿಕೆ. ಕಾಯಿಲೆಯ ಒಬ್ಬರನ್ನು, ಇಲ್ಲದ ಒಬ್ಬರನ್ನು ಜೋಡಿ ಮಾಡಿ. ನಮ್ಮ ಶಿಬಿರದಲ್ಲಿ ನಾಲ್ಕಾರಲೆ 24 ಜೋಡಿ. ಕಾಯಿಲೆಯವರ ಅಂಕವೇ ಹೆಚ್ಚಿದ್ದರೆ ಒಂದು, ಸಮವಿದ್ದರೆ ಅರ್ಧ, ಕಡಿಮೆಯಿದ್ದರೆ ಸೊನ್ನೆ. 80 ಅಂಕದವರು ಆರು ಜೋಡಿಯಲ್ಲೂ ಗೆಲ್ಲುತ್ತಾರೆ. 70ರವರಿಗೆ ಐದೂವರೆ, 60ರವರಿಗೆ ಐದು, 40ರವರಿಗೆ ಎರಡೂವರೆ. ಒಟ್ಟು 19. ಅದನ್ನು 24ರಿಂದ ಭಾಗಿಸಿದರೆ 0.79. ರೇಖೆಯ ಕೆಳಗಿನ ಜಾಗವನ್ನು ಅಳೆದು ನೋಡಿದರೂ ಇಷ್ಟೇ ಬರುತ್ತದೆ. ಅಂದರೆ ಕಣ್ಣುಮುಚ್ಚಿ ಒಂದು ಜೋಡಿ ಆರಿಸಿದರೆ, ಕಾಯಿಲೆಯವರಿಗೆ ಹೆಚ್ಚು ಅಂಕ ಸಿಕ್ಕಿರುವ ಸಂಭವ ನೂರಕ್ಕೆ ಸುಮಾರು 79. ಎಯುಸಿ 0.5 ಇದ್ದರೆ ಸ್ಕೋರಿನಿಂದ ಉಪಯೋಗವಿಲ್ಲ, 1 ಇದ್ದರೆ ಅದು ಎಂದೂ ತಪ್ಪುವುದಿಲ್ಲ.

ಚೆನ್ನೈ ಸ್ಕೋರಿನ ಎಯುಸಿ ಸುಮಾರು 0.70. ಸಾಧಾರಣ ಮಟ್ಟದ್ದೇ. ಒಂದು ಹನಿ ರಕ್ತವಿಲ್ಲದೆ ಸಿಗುವ ಮಾಹಿತಿಗೆ ಅದು ಕಡಿಮೆಯೇನಲ್ಲ. ಆದರೆ ಆ 0.70 ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಹೇಳುವುದಿಲ್ಲ. ಅದು ಇಡೀ ರೇಖೆಗೆ ಕೊಟ್ಟ ಅಂಕ. ಶಿಬಿರ ನಡೆಸುವವರು ನಿಲ್ಲಬೇಕಾದದ್ದು ರೇಖೆಯ ಮೇಲಿನ ಒಂದೇ ಒಂದು ಚುಕ್ಕಿಯಲ್ಲಿ. ‘ಎಯುಸಿ ಚೆನ್ನಾಗಿದೆ, ಆದ್ದರಿಂದ ಈ ಕಟ್-ಆಫ್ ಸರಿ’ ಎಂದು ಯಾರಾದರೂ ವಾದಿಸಿದರೆ ಒಪ್ಪಬೇಡಿ.

ಚುಕ್ಕಿ ಆರಿಸಲು ಹೆಚ್ಚು ಬಳಕೆಯಲ್ಲಿರುವ ಸೂತ್ರ ಡಬ್ಲ್ಯು. ಜೆ. ಯೂಡನ್ 1950ರಲ್ಲಿ ಕೊಟ್ಟದ್ದು. ಸೆನ್ಸಿಟಿವಿಟಿ ಮತ್ತು ಸ್ಪೆಸಿಫಿಸಿಟಿ ಕೂಡಿದಾಗ ಎಲ್ಲಿ ಅತಿ ಹೆಚ್ಚು ಬರುತ್ತದೋ ಅಲ್ಲಿ ನಿಲ್ಲಿ ಎನ್ನುತ್ತದೆ ಅದು. ನಮ್ಮ ಶಿಬಿರದಲ್ಲಿ ಅದು 60ರಲ್ಲಿ ನಿಲ್ಲುತ್ತದೆ. ನೋಡಲು ನಿಷ್ಪಕ್ಷಪಾತದ ಸೂತ್ರ, ಆದರೆ ಅದರೊಳಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ತೀರ್ಪು ಅಡಗಿದೆ. ಸಾವಿರ ಜನರಲ್ಲಿ 100 ಮಂದಿಗೆ ಕಾಯಿಲೆ, 900 ಮಂದಿಗೆ ಇಲ್ಲ ಎನ್ನಿ. ಇಲ್ಲಿ ಕಾಯಿಲೆಯವರಲ್ಲಿ ನೂರಕ್ಕೆ ಒಂದು ಪಾಲು ಎಂದರೆ ಒಬ್ಬರು, ಇಲ್ಲದವರಲ್ಲಿ ನೂರಕ್ಕೆ ಒಂದು ಪಾಲು ಎಂದರೆ ಒಂಬತ್ತು ಮಂದಿ. ಯೂಡನ್ ಸೂತ್ರ ಈ ಎರಡು ಪಾಲನ್ನೂ ಸಮವೆಂದು ಎಣಿಸುತ್ತದೆ. ಹಾಗಾಗಿ ಕಾಯಿಲೆಯ ಒಬ್ಬರನ್ನು ಕೈಬಿಡುವುದೂ ಆರೋಗ್ಯವಂತ ಒಂಬತ್ತು ಮಂದಿಯನ್ನು ವೃಥಾ ಕರೆಸುವುದೂ ಸರಿಸಮ ಎಂದು ಅದು ನಮ್ಮ ಪರವಾಗಿ ತೀರ್ಮಾನಿಸಿಬಿಟ್ಟಿರುತ್ತದೆ. ನೂರಕ್ಕೆ ಒಬ್ಬರಿಗೆ ಬರುವ ಕಾಯಿಲೆಯಾದರೆ ಇದೇ ಸೂತ್ರದಲ್ಲಿ ಒಬ್ಬರಿಗೆ 99 ಮಂದಿ ಸಮವಾಗುತ್ತಾರೆ. ಈ ಬೆಲೆಯನ್ನು ಯಾರೂ ಕೂತು ಯೋಚಿಸಿ ಕಟ್ಟಿದ್ದಲ್ಲ.

ಬೆಲೆಯನ್ನು ನಾವೇ ಕಟ್ಟುವುದು ಲೇಸು. ನಮ್ಮ ಶಿಬಿರದ ರೇಖೆಯನ್ನೇ ಆ ಸಾವಿರ ಜನಕ್ಕೆ ಹಿಗ್ಗಿಸಿ, ಗೆರೆಯನ್ನು 60ರಿಂದ 40ಕ್ಕೆ ಇಳಿಸಿದರೆ ಕಾಯಿಲೆಯವರು ಇನ್ನೂ 25 ಮಂದಿ ಸಿಗುತ್ತಾರೆ, ಆರೋಗ್ಯವಂತರು ಇನ್ನೂ 450 ಮಂದಿ ಪರೀಕ್ಷೆಗೆ ಬರಬೇಕಾಗುತ್ತದೆ. ಹೊಸದಾಗಿ ಸಿಕ್ಕ ಒಬ್ಬೊಬ್ಬರಿಗೂ 18 ಮಂದಿ ವೃಥಾ ಬೆರಳು ಚುಚ್ಚಿಸಿಕೊಂಡಂತಾಯಿತು. ಒಂಬತ್ತಕ್ಕಿಂತ ಹೆಚ್ಚೆಂದು ಯೂಡನ್ ಸೂತ್ರ ಬೇಡ ಎನ್ನುತ್ತದೆ. ಊರಲ್ಲೇ ಗ್ಲುಕೋಮೀಟರ್ ಇದ್ದು, ಪಟ್ಟಿಗಳ ದಾಸ್ತಾನು ಸಾಕಷ್ಟಿದ್ದರೆ ನಾನು ಬೇಕು ಎನ್ನುತ್ತೇನೆ. ಗೊತ್ತಿಲ್ಲದೆ ಉಳಿದ ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಕಣ್ಣು, ಮೂತ್ರಪಿಂಡಗಳನ್ನು ಸವೆಸುತ್ತದೆ. ಬೆರಳು ಚುಚ್ಚಿದ ನೋವು ಅಲ್ಲಿಗೇ ಮುಗಿಯುತ್ತದೆ. ಆದರೆ ಪರೀಕ್ಷೆಗೆಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಖಾಲಿ ಹೊಟ್ಟೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾದ ಕಡೆ ಆ 18ರ ಭಾರವೇ ಬೇರೆ. ಕರೆದಷ್ಟು ಜನರಿಗೆ ಪರೀಕ್ಷೆ ಮಾಡಲಾಗದ ಕೇಂದ್ರದಲ್ಲಿ ಗೆರೆ ಇಳಿಸಿದರೆ, ನಿಜವಾಗಿ ಕಾಯಿಲೆ ಇದ್ದವರೂ ಸಾಲು ನೋಡಿ ವಾಪಸು ಹೋಗುತ್ತಾರೆ.

ಇನ್ನು ಚೆನ್ನೈನ ನಿಜವಾದ ಅಂಕಿಗಳು. 60ರ ಗೆರೆಯಲ್ಲಿ ಸೆನ್ಸಿಟಿವಿಟಿ 72.5, ಸ್ಪೆಸಿಫಿಸಿಟಿ 60.1 ಪ್ರತಿಶತ. ನೂರಕ್ಕೆ ಹತ್ತು ಮಂದಿಗೆ ಗೊತ್ತಿಲ್ಲದ ಕಾಯಿಲೆ ಇರುವ ಸಾವಿರ ಜನರ ನಡುವೆ ಇದನ್ನು ಬಳಸಿದರೆ ಸುಮಾರು 432 ಮಂದಿಯನ್ನು ಕರೆಸಬೇಕಾಗುತ್ತದೆ. ಅವರಲ್ಲಿ ಕಾಯಿಲೆ ಇರುವವರು ಸುಮಾರು 73. ಕರೆದ ಆರು ಮಂದಿಯಲ್ಲಿ ಒಬ್ಬರು ಎನ್ನಿ. ಮನೆಗೆ ಕಳಿಸಿದ 568 ಮಂದಿಯಲ್ಲಿ ಸುಮಾರು 27 ಮಂದಿಗೆ ಕಾಯಿಲೆ ಇದ್ದೇ ಇರುತ್ತದೆ. ಗೊತ್ತಿಲ್ಲದ ಕಾಯಿಲೆ ನೂರಕ್ಕೆ ಎರಡೇ ಮಂದಿಗೆ ಇರುವ ಕಡೆ ಇದೇ ಗೆರೆ ಬಳಸಿದರೆ ಕರೆದ 28 ಮಂದಿಯಲ್ಲಿ ಒಬ್ಬರು ಸಿಗುತ್ತಾರೆ. ರೇಖೆ ಬದಲಾಗಿಲ್ಲ, ಎಯುಸಿ ಬದಲಾಗಿಲ್ಲ. ಶಿಬಿರದ ಫಲ ಮಾತ್ರ ಬದಲಾಯಿತು. ಒಂದು ಊರಿನ ಕಟ್-ಆಫನ್ನು ಇನ್ನೊಂದು ಊರಿಗೆ ಹಾಗೇ ಹೊತ್ತೊಯ್ಯುವ ಮುನ್ನ ಅಲ್ಲಿ ಕಾಯಿಲೆ ಎಷ್ಟಿದೆ ಎಂದು ಕೇಳಬೇಕಾದದ್ದು ಇದಕ್ಕೇ.

ರೇಖೆಯೇ ಸುಳ್ಳು ಹೇಳುವುದೂ ಉಂಟು. ಕಾಯಿಲೆಯವರನ್ನು ಆಸ್ಪತ್ರೆಯ ವಾರ್ಡಿನಿಂದ, ಇಲ್ಲದವರನ್ನು ಕಾಲೇಜಿನ ಹುಡುಗರಿಂದ ಆರಿಸಿದರೆ ಎಯುಸಿ ಅದ್ಭುತವಾಗಿ ಬರುತ್ತದೆ. ವಯಸ್ಸಿಗೇ 30 ಅಂಕ ಇರುವ ಸ್ಕೋರು ಮುದುಕರನ್ನೂ ಹುಡುಗರನ್ನೂ ಬೇರ್ಪಡಿಸಿತು, ಅಷ್ಟೆ. ಇನ್ನೊಂದು ತಪ್ಪು ಗುರುತಿಸುವುದು ಇನ್ನೂ ಕಷ್ಟ: ಅಂಕ ಹೆಚ್ಚು ಬಂದವರ ರಕ್ತವನ್ನು ಮಾತ್ರ ಪರೀಕ್ಷಿಸಿ, ಉಳಿದವರಿಗೆ ಕಾಯಿಲೆ ಇಲ್ಲವೆಂದು ಬರೆದುಕೊಳ್ಳುವುದು. ಕೈತಪ್ಪಿದವರು ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ ಸೆನ್ಸಿಟಿವಿಟಿ ನೂರರ ಹತ್ತಿರ ಏರುತ್ತದೆ. ಹಾಗಾಗಿ ಯಾವುದೇ ಪರೀಕ್ಷೆಯ ವರದಿ ಓದುವಾಗ ಕಡಿಮೆ ಅಂಕದವರ ರಕ್ತವನ್ನೂ ನೋಡಿದ್ದಾರೆಯೇ ಎಂದು ಮೊದಲು ಹುಡುಕಿ. ಗೆರೆಯನ್ನು ಆರಿಸಿದ ಜನರ ಮೇಲೆಯೇ ಅದನ್ನು ಪರೀಕ್ಷಿಸಿ ಹೊಗಳಿದ್ದರೆ, ಬೇರೆ ಜನರ ನಡುವೆ ಅಂಕಿಗಳು ಒಂದಿಷ್ಟು ಇಳಿಯುತ್ತವೆ ಎಂದೇ ತಿಳಿಯಿರಿ.

ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರಿಗಾಗಿ ಮನೆಮನೆಗೆ ಒಯ್ಯುವ ನಮೂನೆಯಲ್ಲೂ ಇಂಥದೇ ಅಂಕಪಟ್ಟಿ ಇದೆ. ಅದರಲ್ಲಿ 4ಕ್ಕಿಂತ ಹೆಚ್ಚು ಬಂದವರಿಗೆ ತಪಾಸಣೆಯಲ್ಲಿ ಆದ್ಯತೆ. ಇಂಥ ಪಟ್ಟಿಗಳೆಲ್ಲ ತನಗೇನೂ ಆಗಿಲ್ಲ ಎಂದುಕೊಂಡಿರುವವರಿಗಾಗಿ ಮಾಡಿದವು. ನಿಮಗೆ ಬಾಯಾರಿಕೆ ಹೆಚ್ಚಾಗಿದ್ದರೆ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಎದ್ದೇಳುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಯಾವ ಸ್ಕೋರನ್ನೂ ಕೂಡಿಸುತ್ತ ಕೂರಬೇಡಿ, ನೇರವಾಗಿ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.