ಮೂಗಿಗೆ ತಿಳಿಯದ ಸುಗಂಧ

ಕರಜಗಿಯ ಹೆಣ್ಣುಮಗಳೊಬ್ಬಳು ಅಕ್ಕಲಕೋಟೆಯ ಔಷಧ ಅಂಗಡಿಗೆ ಹೋಗಿ, ‘ವಾಸನಿ ಇಲ್ದಂಥಾ ಕ್ರೀಮ್ ಕೊಡ್ರಿ, ಕೈ ಭಾಳ ತುರಸ್ತಾವ’ ಎಂದು ಕೇಳುತ್ತಾಳೆ ಎಂದಿಟ್ಟುಕೊಳ್ಳಿ. ಅಂಗಡಿಯವರು ಎರಡು ಡಬ್ಬಿ ಮುಂದಿಡುತ್ತಾರೆ. ಒಂದರ ಮೇಲೆ ‘ಅನ್‌ಸೆಂಟೆಡ್’ ಎಂದಿದೆ, ಇನ್ನೊಂದರ ಮೇಲೆ ‘ಫ್ರೇಗ್ರೆನ್ಸ್ ಫ್ರೀ’ ಎಂದಿದೆ. ಮುಚ್ಚಳ ತೆಗೆದು ಮೂಸಿದರೆ ಮೊದಲನೆಯದಕ್ಕೆ ಏನೂ ವಾಸನೆಯಿಲ್ಲ. ಎರಡನೆಯದು ಸ್ವಲ್ಪ ಮೇಣದಂತೆ, ಸ್ವಲ್ಪ ಜಿಡ್ಡಿನಂತೆ ನಾರುತ್ತದೆ. ಆಕೆ ಮೊದಲನೆಯದನ್ನೇ ಆರಿಸಿಕೊಳ್ಳುತ್ತಾಳೆ, ಅಂಗಡಿಯವರೂ ಅದೇ ಸರಿ ಎನ್ನುತ್ತಾರೆ. ಆದರೆ ಸುಗಂಧದ ಅಲರ್ಜಿ ಇರುವ ಕೈಗೆ ಬೇಕಾದದ್ದು ಬಹುಶಃ ಎರಡನೆಯ ಡಬ್ಬಿ.

ಯಾವ ಕ್ರೀಮೂ ಹುಟ್ಟಿನಿಂದ ವಾಸನೆ ಇಲ್ಲದ್ದಲ್ಲ. ಅದರಲ್ಲಿ ಎಣ್ಣೆ ಇರುತ್ತದೆ, ಮೇಣ ಇರುತ್ತದೆ, ಎಣ್ಣೆ ಮತ್ತು ನೀರನ್ನು ಒಂದುಗೂಡಿಸುವ ಪದಾರ್ಥ ಇರುತ್ತದೆ, ಕೆಡದಂತೆ ಕಾಯುವ ಪದಾರ್ಥ ಇರುತ್ತದೆ. ಹೆಚ್ಚಿನವಕ್ಕೆ ತಮ್ಮದೇ ವಾಸನೆ. ಒಡೆದ ಹಿಮ್ಮಡಿಗೆ ಹಚ್ಚುವ ಹಲವು ಮುಲಾಮುಗಳಲ್ಲಿರುವ ಲ್ಯಾನೊಲಿನ್ ಎಂದರೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ಕುರಿ ಸಾಕಿದವರಿಗೆ ಅದರ ವಾಸನೆ ಹೊಸದಲ್ಲ. ಸಾಬೂನಿನ ಕೊಬ್ಬಿಗೂ ಒಂದು ಹಳಸಲು ವಾಸನೆ ಇದ್ದೇ ಇರುತ್ತದೆ. ಗಿರಾಕಿಗೆ ಇದು ಹಿಡಿಸುವುದಿಲ್ಲವೆಂದು ಕೆಲವು ತಯಾರಕರು ಅದರ ಮೇಲೆ ಅತಿ ಸಣ್ಣ ಪ್ರಮಾಣದ ಬೇರೊಂದು ಪರಿಮಳ ಹಾಕುತ್ತಾರೆ. ಮಲ್ಲಿಗೆ, ಗಂಧ ಎಂದು ಗುರುತಿಸುವಷ್ಟಲ್ಲ. ಮೂಲದ ವಾಸನೆಯನ್ನು ಮುಚ್ಚುವಷ್ಟು ಮಾತ್ರ. ಎರಡು ವಾಸನೆಗಳು ಬೆರೆತು ಮೂಗಿಗೆ ‘ಏನೂ ಇಲ್ಲ’ ಅನಿಸುತ್ತದೆ. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಗಮನಿಸಬೇಕಾದದ್ದು ಇಷ್ಟು: ಇಲ್ಲಿ ಏನನ್ನೂ ತೆಗೆದಿಲ್ಲ, ಇನ್ನೊಂದನ್ನು ಸೇರಿಸಲಾಗಿದೆ.

‘ಅನ್‌ಸೆಂಟೆಡ್’ ಎಂಬ ಚೀಟಿ ಹೇಳುವುದು ಬಳಸುವವರ ಮೂಗಿಗೆ ಏನು ತಟ್ಟುತ್ತದೆ ಎಂಬುದನ್ನು. ‘ಫ್ರೇಗ್ರೆನ್ಸ್ ಫ್ರೀ’ ಹೇಳಬೇಕಾದದ್ದು ತಯಾರಕರು ಡಬ್ಬಿಯೊಳಗೆ ಏನು ಹಾಕಿಲ್ಲ ಎಂಬುದನ್ನು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಸೇಫರ್ ಚಾಯ್ಸ್ ಯೋಜನೆಯಲ್ಲಿ ಈ ಎರಡನ್ನೂ ಹೀಗೆಯೇ ಬೇರ್ಪಡಿಸಿದೆ. ಅದರ ಪ್ರಕಾರ ಎರಡನೆಯ ಬಗೆಯಲ್ಲಿ ಪರಿಮಳದ ಪದಾರ್ಥವೂ ಇರಬಾರದು, ವಾಸನೆ ಮುಚ್ಚುವ ಪದಾರ್ಥವೂ ಇರಬಾರದು. ಮೊದಲನೆಯ ಬಗೆಯಲ್ಲಿ ವಾಸನೆ ಮುಚ್ಚುವ ಅಥವಾ ತಣಿಸುವ ಪದಾರ್ಥ ಇರಬಹುದು. ಹಾಗೆಂದು ‘ಅನ್‌ಸೆಂಟೆಡ್’ ಎಂದು ಬರೆದ ಪ್ರತಿ ಡಬ್ಬಿಯಲ್ಲೂ ಪರಿಮಳ ಅಡಗಿದೆ ಎಂದಲ್ಲ. ಕೆಲವು ಡಿಯೋಡರೆಂಟ್‌ಗಳಲ್ಲಿ ಔಡಲ ಎಣ್ಣೆಯಿಂದ ತಯಾರಿಸಿದ ಜಿಂಕ್ ರಿಸಿನೋಲಿಯೇಟ್ ಹಾಕುತ್ತಾರೆ. ಅದು ವಾಸನೆಯ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ತಾನು ಪರಿಮಳ ಬೀರುವುದಿಲ್ಲ. ಮುಂಭಾಗದ ಒಂದು ಪದದಿಂದ ಒಳಗೆ ಇರುವುದು ಯಾವುದೆಂದು ತಿಳಿಯಲಾಗದು, ತೊಡಕು ಇರುವುದೇ ಅಲ್ಲಿ.

ಈ ವ್ಯತ್ಯಾಸ ಎಲ್ಲರಿಗೂ ಒಂದೇ ತೂಕದ್ದಲ್ಲ. ಪರಿಮಳ ಬಡಿದರೆ ತಲೆನೋವು ಬರುವವರಿಗೆ, ಬಸುರಿನ ಮೊದಲ ತಿಂಗಳುಗಳಲ್ಲಿ ಸಾಬೂನಿನ ಘಮಕ್ಕೇ ವಾಕರಿಕೆ ಬರುವವರಿಗೆ ಅನೇಕ ಸಲ ‘ಅನ್‌ಸೆಂಟೆಡ್’ ಸಾಕಾಗುತ್ತದೆ, ಏಕೆಂದರೆ ಅವರ ತೊಂದರೆ ಶುರುವಾಗುವುದು ಮೂಗಿನಿಂದ. ಸುಗಂಧದಿಂದ ಇಸಬು ಏಳುವವರ ಕಥೆ ಬೇರೆ. ಅವರ ದೇಹದ ರಕ್ಷಣಾ ವ್ಯವಸ್ಥೆ ಯಾವುದೋ ಒಂದು ಸುಗಂಧ ಪದಾರ್ಥವನ್ನು ಶತ್ರುವೆಂದು ಗುರುತು ಹಿಡಿದುಬಿಟ್ಟಿರುತ್ತದೆ. ಒಮ್ಮೆ ಹಿಡಿದ ಗುರುತು ಸಾಮಾನ್ಯವಾಗಿ ವರ್ಷಗಟ್ಟಲೆ ಅಳಿಯುವುದಿಲ್ಲ. ಆ ಪದಾರ್ಥ ಘಮಘಮಿಸಲಿ, ಇನ್ನೊಂದರ ಅಡಿಯಲ್ಲಿ ಅಡಗಿರಲಿ, ಚರ್ಮಕ್ಕೆ ಎರಡೂ ಒಂದೇ. ಅದರಲ್ಲೂ ತೊಳೆದು ಬಿಡುವ ಸಾಬೂನಿಗಿಂತ, ಹಚ್ಚಿ ಹಾಗೇ ಬಿಡುವ ಕ್ರೀಮಿನಲ್ಲಿ ಸಣ್ಣ ಪ್ರಮಾಣವೂ ತುರಿಕೆ ಎಬ್ಬಿಸೀತು.

ಇನ್ನೊಂದು ಕಾರಣದಿಂದ ಜನ ಮೋಸ ಹೋಗುತ್ತಾರೆ. ಈ ಬಗೆಯ ಅಲರ್ಜಿ ಹಚ್ಚಿದ ಕೂಡಲೇ ಕಾಣಿಸುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಮೆಲ್ಲಗೆ ಕೆಂಪು, ತುರಿಕೆ, ಸಣ್ಣ ಗುಳ್ಳೆ ಏಳುತ್ತವೆ. ಅಷ್ಟರಲ್ಲಿ ಬದನೆಕಾಯಿ ತಿಂದದ್ದು, ಹೊಲದಲ್ಲಿ ಕಳೆ ಕಿತ್ತದ್ದು, ಪಾತ್ರೆ ತಿಕ್ಕಿದ ಪುಡಿ ಎಲ್ಲದರ ಮೇಲೂ ಅನುಮಾನ ಹೋಗಿರುತ್ತದೆ. ಮೂರು ದಿನದ ಹಿಂದಿನಿಂದ ಹಚ್ಚುತ್ತಿರುವ ವಾಸನೆಯಿಲ್ಲದ ಕ್ರೀಮಿನ ಮೇಲೆ ಹೋಗುವುದು ಅಪರೂಪ.

ಹಾಗಾದರೆ ಡಬ್ಬಿಯನ್ನು ತಿರುಗಿಸಬೇಕು. ನಮ್ಮ ದೇಶದಲ್ಲಿ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮೈಗೆ ಹಚ್ಚುವ ವಸ್ತುವಿನ ಮೇಲೆ ‘ಇಂಗ್ರೀಡಿಯೆಂಟ್ಸ್’ ಎಂದು ಬರೆದು ಒಳಗಿನ ಪದಾರ್ಥಗಳನ್ನು ಪಟ್ಟಿ ಮಾಡಬೇಕು. ನೂರಕ್ಕೆ ಒಂದಕ್ಕಿಂತ ಹೆಚ್ಚಿರುವವು ಮೊದಲು, ಹೆಚ್ಚಿನದರಿಂದ ಕಡಿಮೆಯದಕ್ಕೆ ಇಳಿಯುತ್ತ ಬರುತ್ತವೆ. ನೂರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ ಇರುವವು ಅವುಗಳ ನಂತರ, ಯಾವ ಕ್ರಮದಲ್ಲಾದರೂ ಇರಬಹುದು. ಕ್ರೀಮಿಗೆ ಹಾಕುವ ಪರಿಮಳ ಸಾಮಾನ್ಯವಾಗಿ ಈ ಎರಡನೆಯ ಗುಂಪಿನದು. ಆದ್ದರಿಂದ ಓದಬೇಕಾದದ್ದು ಪಟ್ಟಿಯ ಬಾಲವನ್ನು.

ನಮ್ಮ ಹೆಣ್ಣುಮಗಳ ‘ಅನ್‌ಸೆಂಟೆಡ್’ ಡಬ್ಬಿಯ ಹಿಂದೆ ಹೀಗೆ ಇರಬಹುದು: ನೀರು, ಗ್ಲಿಸರಿನ್, ಮಿನರಲ್ ಆಯಿಲ್, ಸೀಟೈಲ್ ಆಲ್ಕೋಹಾಲ್, ಸ್ಟಿಯರಿಕ್ ಆಸಿಡ್, ಲ್ಯಾನೊಲಿನ್, ಫಿನಾಕ್ಸಿಎಥನಾಲ್, ಪರ್ಫ್ಯೂಮ್. ನೀರಿನಿಂದ ಲ್ಯಾನೊಲಿನ್‌ವರೆಗೆ ಕ್ರೀಮಿನ ಮೈ. ಸೀಟೈಲ್ ಆಲ್ಕೋಹಾಲ್ ಹೆಸರು ಕೇಳಿ ಹೆದರಬೇಕಾಗಿಲ್ಲ, ಅದು ಮೇಣದಂಥ ಗಟ್ಟಿ ಪದಾರ್ಥ. ಫಿನಾಕ್ಸಿಎಥನಾಲ್ ಕೆಡದಂತೆ ಕಾಯುತ್ತದೆ. ಕೊನೆಯ ‘ಪರ್ಫ್ಯೂಮ್’ ಎಂಬ ಒಂದೇ ಪದ ಇಡೀ ವಿಷಯವನ್ನು ಹೇಳಿಬಿಡುತ್ತದೆ. ಕೆಲವರು ಅದನ್ನು ‘ಫ್ರೇಗ್ರೆನ್ಸ್’ ಎಂದೂ, ಕೆಲವರು ‘ಪಾರ್ಫಂ’ ಎಂದೂ ಅಚ್ಚು ಹಾಕುತ್ತಾರೆ. ಆ ಒಂದು ಪದದ ಹಿಂದೆ ಹತ್ತಾರು ರಾಸಾಯನಿಕಗಳ ಮಿಶ್ರಣ ಇರಬಹುದು, ಅವುಗಳ ಹೆಸರು ಹೆಚ್ಚಾಗಿ ಹೊರಗೆ ಬರುವುದಿಲ್ಲ.

‘ಫ್ರೇಗ್ರೆನ್ಸ್ ಫ್ರೀ’ ಡಬ್ಬಿಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ನಮ್ಮ ನಿಯಮಗಳಲ್ಲಿ ಈ ಎರಡು ಪದಗಳಿಗೆ ಪ್ರತ್ಯೇಕ ವ್ಯಾಖ್ಯೆ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ ಸೌಂದರ್ಯವರ್ಧಕಗಳ ಮಟ್ಟಿಗೆ ಇವಕ್ಕೆ ವ್ಯಾಖ್ಯೆ ಕೊಟ್ಟಿಲ್ಲ. ಹೀಗಾಗಿ ‘ಪರ್ಫ್ಯೂಮ್’ ಎಂಬ ಪದವನ್ನು ಪಟ್ಟಿಯಿಂದ ಕೈಬಿಟ್ಟು, ಲ್ಯಾವೆಂಡರ್ ಎಣ್ಣೆಯನ್ನೋ ಗುಲಾಬಿ ಎಣ್ಣೆಯನ್ನೋ ‘ಗಿಡಮೂಲಿಕೆಯ ಸಾರ’ದ ಲೆಕ್ಕದಲ್ಲಿ ಸೇರಿಸಿದ ಕ್ರೀಮುಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಬೆಂಜೈಲ್ ಆಲ್ಕೋಹಾಲ್ ಎಂಬುದು ಕೆಡದಂತೆಯೂ ಕಾಯುತ್ತದೆ, ಪರಿಮಳವನ್ನೂ ಕೊಡುತ್ತದೆ. ಯಾವ ಕೆಲಸಕ್ಕೆ ಹಾಕಿದ್ದಾರೆಂದು ಪಟ್ಟಿ ಹೇಳುವುದಿಲ್ಲ. ಲಿನಲೂಲ್, ಲಿಮೊನೀನ್, ಜೆರಾನಿಯಾಲ್, ಯೂಜಿನಾಲ್, ಸಿಟ್ರಾಲ್ ಎಂಬ ಹೆಸರುಗಳು ಕಂಡರೆ ಅವು ಸುಗಂಧ ಪದಾರ್ಥಗಳೇ. ಯೂಜಿನಾಲ್ ನಮ್ಮ ಲವಂಗದ ಘಮ, ಜೆರಾನಿಯಾಲ್ ಗುಲಾಬಿಯದು, ಲಿಮೊನೀನ್ ನಿಂಬೆ-ಕಿತ್ತಳೆ ಸಿಪ್ಪೆಯದು. ನಿಸರ್ಗದಿಂದ ಬಂದದ್ದು ಎಂಬ ಕಾರಣಕ್ಕೆ ಚರ್ಮ ಇವನ್ನು ಕ್ಷಮಿಸುವುದಿಲ್ಲ. ಲಿಮೊನೀನ್ ಮತ್ತು ಲಿನಲೂಲ್ ಗಾಳಿಗೆ ತೆರೆದುಕೊಂಡಷ್ಟೂ ಹೆಚ್ಚು ಅಲರ್ಜಿಕಾರಿಯಾಗುತ್ತವೆ. ಮುಚ್ಚಳ ಸಡಿಲಾಗಿ ವರ್ಷದಿಂದ ಕಪಾಟಿನಲ್ಲಿರುವ ಬಾಟಲಿಯನ್ನು ಬಿಡುವುದು ಒಳ್ಳೆಯದು.

ಹಳ್ಳಿಯ ಗಿರಾಕಿಗೆ ಇಲ್ಲಿ ಒಂದು ದೊಡ್ಡ ಅನ್ಯಾಯವಿದೆ. 60 ಮಿಲಿಲೀಟರಿಗಿಂತ ಕಡಿಮೆಯ ದ್ರವಕ್ಕೂ, 30 ಗ್ರಾಮಿಗಿಂತ ಕಡಿಮೆಯ ಗಟ್ಟಿ ಅಥವಾ ಅರೆಗಟ್ಟಿ ವಸ್ತುವಿಗೂ ಪದಾರ್ಥಗಳ ಪಟ್ಟಿ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಕಿರಾಣಿ ಅಂಗಡಿಯಲ್ಲಿ ಸರದಂತೆ ತೂಗುಬಿಟ್ಟ ಶಾಂಪೂ ಪುಡಿಕೆಗಳು, ಸಣ್ಣ ಟ್ಯೂಬಿನ ಕ್ರೀಮುಗಳು ಇದರೊಳಗೇ ಬರುತ್ತವೆ. ಸಣ್ಣದನ್ನು ಕೊಳ್ಳುವವರು ಹೆಚ್ಚಾಗಿ ಬಡವರು, ಅವರಿಗೇ ಪಟ್ಟಿ ಇಲ್ಲ. ಬಟ್ಟೆ ಒಗೆಯುವ ಪುಡಿ ಈ ನಿಯಮದಡಿ ಬರುವುದೇ ಇಲ್ಲ. ಪಟ್ಟಿ ಇದ್ದಲ್ಲಿಯೂ ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಗಡಿಯ ನಮ್ಮ ಊರುಗಳಲ್ಲಿ ಕನ್ನಡ, ಮರಾಠಿ ಎರಡನ್ನೂ ಓದಬಲ್ಲ ಹಿರಿಯರು ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ಕರೆದು ಓದಿಸಬೇಕಾಗುತ್ತದೆ. ತುರಿಕೆ ಇರುವವರು ಅದೇ ಸಾಮಾನಿನ ದೊಡ್ಡ ಬಾಟಲಿಯನ್ನು ಅಂಗಡಿಯಲ್ಲಿ ತೆಗೆಸಿ, ಹಿಂಬದಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬಹುದು. ಆದರೆ ಪುಡಿಕೆಯ ಮಾಲೂ ಬಾಟಲಿಯ ಮಾಲೂ ಒಂದೇ ಆಗಿರುತ್ತದೆಂಬ ಖಾತರಿ ಇಲ್ಲ.

ಸಾಬೂನು, ಕ್ರೀಮು ಎರಡನ್ನೂ ಬದಲಿಸಿಯೂ ಗುಣ ಕಾಣದಿದ್ದರೆ ಮನೆಯ ಉಳಿದ ಸುಗಂಧಗಳ ಕಡೆ ನೋಡಬೇಕು. ಈ ಸೀಮೆಯಲ್ಲಿ ಅದು ಸಣ್ಣ ಪಟ್ಟಿಯಲ್ಲ. ಪಂಢರಪುರ ಇರುವುದು ಸೋಲಾಪುರ ಜಿಲ್ಲೆಯಲ್ಲೇ. ಅಲ್ಲಿಂದ ಬರುವ ಕಪ್ಪು ಬುಕ್ಕ ಪರಿಮಳದ ಪುಡಿಯೇ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಹೋದವರು ಅಷ್ಟಗಂಧ, ಅತ್ತರು, ಊದುಬತ್ತಿ ತರುತ್ತಾರೆ. ಹಣೆಯ ಕುಂಕುಮ, ಬಿಂದಿಗಳಿಂದ ಅಲರ್ಜಿಯಾಗಿ ಆ ಜಾಗ ಕಪ್ಪಾಗುವುದನ್ನು ನಮ್ಮ ದೇಶದ ಚರ್ಮವೈದ್ಯರು ಚೆನ್ನಾಗಿ ಬಲ್ಲರು; ಅದಕ್ಕೆ ಕಾರಣ ಸುಗಂಧ ಆಗಿರಬಹುದು, ಬಣ್ಣವಾಗಿರಬಹುದು, ಅಂಟಾಗಿರಬಹುದು. ಭಕ್ತಿಗೂ ಈ ಮಾತಿಗೂ ವಿರೋಧವಿಲ್ಲ. ದೇವರಿಗೆ ಅರ್ಪಿಸಿ, ನಮ್ಮ ಹಣೆಗೆ ಕೆಲವು ವಾರ ಹಚ್ಚದಿದ್ದರೆ ಆಯಿತು. ಎದ್ದ ಇಸಬು ಆರಲು ಹೇಗೂ ಅಷ್ಟು ಸಮಯ ಬೇಕು. ಎರಡು ದಿನ ನೋಡಿ ‘ಇದರಿಂದ ಏನೂ ಆಗಲಿಲ್ಲ’ ಎಂದು ಕೈಬಿಟ್ಟರೆ ಏನೂ ತಿಳಿಯುವುದಿಲ್ಲ.

ಹೊಸ ಕ್ರೀಮನ್ನು ಮನೆಯಲ್ಲೇ ಪರೀಕ್ಷಿಸುವ ಒಂದು ಸರಳ ಕ್ರಮವಿದೆ. ಮೊಣಕೈ ಒಳಬದಿಯ ಮಡಿಕೆಯಲ್ಲಿ, ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆ ಎರಡು ಸಲ ಹಚ್ಚಬೇಕು. ಒಂದು ವಾರ, ಸಾಧ್ಯವಾದರೆ ಎರಡು ವಾರ, ಅದೇ ಜಾಗಕ್ಕೆ. ಕೆಂಪಾಗಿ ತುರಿಸಲು ಶುರುವಾದರೆ ಕೂಡಲೇ ನಿಲ್ಲಿಸಿ, ಆ ಕ್ರೀಮು ನಿಮಗಲ್ಲ. ಈ ಪರೀಕ್ಷೆ ಹಚ್ಚಿ ಬಿಡುವ ವಸ್ತುಗಳಿಗೆ ಮಾತ್ರ. ಸಾಬೂನು, ಶಾಂಪೂ, ಬಟ್ಟೆಪುಡಿಗಳನ್ನು ಹೀಗೆ ಹಚ್ಚಿ ಬಿಟ್ಟರೆ ಅಲರ್ಜಿ ಇಲ್ಲದವರಿಗೂ ಉರಿಯುತ್ತದೆ. ಈಗಾಗಲೇ ಬಿರಿದ ಚರ್ಮದ ಮೇಲೂ ಮಾಡಬಾರದು.

ಖಚಿತವಾದ ಉತ್ತರ ಕೊಡುವುದು ಚರ್ಮವೈದ್ಯರ ಪ್ಯಾಚ್ ಟೆಸ್ಟ್. ಬೆನ್ನಿನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಅನುಮಾನದ ಪದಾರ್ಥಗಳನ್ನು ಅಂಟಿಸಿ 48 ಗಂಟೆ ಬಿಡುತ್ತಾರೆ. ಆ ಹೊತ್ತಿನಲ್ಲಿ ಬೆನ್ನು ಒದ್ದೆಯಾಗಬಾರದು, ಬೆವರುವ ಕೆಲಸವೂ ಬೇಡ. ತೆಗೆದ ಮೇಲೆ ಒಮ್ಮೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅದರಲ್ಲಿ ‘ಫ್ರೇಗ್ರೆನ್ಸ್ ಮಿಕ್ಸ್’ ಎಂಬ ಒಂದು ಬಿಲ್ಲೆ ಇರುತ್ತದೆ. ಅದರ ಎಂಟು ಸುಗಂಧ ಪದಾರ್ಥಗಳಲ್ಲಿ ಲವಂಗದ ಯೂಜಿನಾಲೂ ದಾಲ್ಚಿನ್ನಿಯ ಸಿನ್ನಮಾಲೂ ಸೇರಿವೆ. ಆದರೆ ಎಲ್ಲ ಸುಗಂಧಗಳೂ ಅದರಲ್ಲಿಲ್ಲ. ಬಿಲ್ಲೆ ಕೆಂಪಾಗಲಿಲ್ಲವೆಂದ ಮಾತ್ರಕ್ಕೆ ಸುಗಂಧದ ಅಲರ್ಜಿಯೇ ಇಲ್ಲ ಎಂದು ತೀರ್ಮಾನಿಸಲಾಗದು. ಅದಕ್ಕೇ ಅನುಭವಿ ವೈದ್ಯರು ರೋಗಿ ಮನೆಯಲ್ಲಿ ಹಚ್ಚುತ್ತಿರುವ ಕ್ರೀಮನ್ನೂ ಜೊತೆಗೆ ಪರೀಕ್ಷಿಸುತ್ತಾರೆ.

ಸೋಲಾಪುರಕ್ಕೋ ಕಲಬುರಗಿಗೋ ಚರ್ಮವೈದ್ಯರ ಬಳಿ ಹೋಗುವಾಗ ಬರಿಗೈಲಿ ಹೋಗಬೇಡಿ. ಮೈಸಾಬೂನಿನ ಹೊದಿಕೆ, ಕ್ರೀಮಿನ ಡಬ್ಬಿ, ತಲೆಗೆ ಹಚ್ಚುವ ಎಣ್ಣೆ, ಬಟ್ಟೆಪುಡಿಯ ಚೀಲ, ಬುಕ್ಕದ ಪೊಟ್ಟಣ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಖಾಲಿಯಾದ ಡಬ್ಬಿಯಾದರೂ ಸರಿ, ಅದರ ಹಿಂದಿನ ಪಟ್ಟಿ ಬೇಕು.